ಅರೆಮಂಡಿ: ಪಾದ ಎಷ್ಟು ತೆರೀಬೇಕು ಅಂತ ಹೇಳೋದು ಸೊಂಟ, ಗುರು ಅಲ್ಲ

ನಜರ್‌ಬಾದ್‌ನ ಒಂದು ಮನೆಯ ಮಹಡಿಯಲ್ಲಿ ನಾನು ಒಂಬತ್ತು ವರ್ಷ ಭರತನಾಟ್ಯ ಕಲಿತೆ. ಅಲ್ಲಿ ದಿನವೂ ಕೇಳುತ್ತಿದ್ದ ಮಾತು: "ಇನ್ನೂ ಕೂರು, ಪಾದ ಇನ್ನೂ ತೆಗಿ." ಮಂಡಿ ನೋವು ಅಂದರೆ ಸೋಮಾರಿತನ ಅಂತಲೇ ಲೆಕ್ಕ.

ಅರೆಮಂಡಿಯಲ್ಲಿ ಹಿಮ್ಮಡಿಗಳು ಹತ್ತಿರ, ಪಾದಗಳು ಹೊರಕ್ಕೆ, ಮಂಡಿಗಳು ಪಕ್ಕಕ್ಕೆ ಬಾಗಿರುತ್ತವೆ, ಬೆನ್ನು ನೇರ. ಮೊದಲ ಪಾಠವಾದ ತಟ್ಟಡವನ್ನೇ ನೋಡಿ. ಒಂದು ಪಾದ ಎತ್ತಿ ತಟ್ಟುವಾಗ ಇನ್ನೊಂದು ಕಾಲು ಬಾಗಿದ ಸ್ಥಿತಿಯಲ್ಲೇ ಮೈಭಾರ ಹೊರಬೇಕು. ಆ ಭಾರ ತಡೆಯೋದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯು. ಅದು ಸಡಿಲಗೊಳ್ಳದೆ ಬಿಗಿಹಿಡಿದೇ ಇರೋದರಿಂದ ಒಳಗೆ ರಕ್ತ ಸರಾಗವಾಗಿ ಹರಿಯಲ್ಲ, ತೊಡೆ ಉರಿಯುತ್ತೆ. ಎದ್ದು ನಿಂತ ಸ್ವಲ್ಪ ಹೊತ್ತಿಗೆ ಇಳಿದುಹೋದರೆ ಅದು ಬರೀ ದಣಿವು.

ಅಸಲಿ ತೊಂದರೆ ತಿರುವಿನದು. ಕಾಲು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ನಿಮ್ಮ ಸೊಂಟ ಎಷ್ಟು ತಿರುಗುತ್ತೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಬೋರಲು ಮಲಗಿ, ಒಂದು ಮಂಡಿಯನ್ನು 90 ಡಿಗ್ರಿ ಮಡಚಿ, ಪಾದವನ್ನು ಇನ್ನೊಂದು ಕಾಲಿನ ಕಡೆ ನಿಧಾನವಾಗಿ ಬೀಳಲು ಬಿಡಿ. ಸೊಂಟ ನೆಲದಿಂದ ಏಳೋಕೆ ಶುರುವಾದಲ್ಲಿ ನಿಲ್ಲಿಸಿ. ಕಾಲು ನೆಟ್ಟಗಿದ್ದ ಜಾಗದಿಂದ ಎಷ್ಟು ವಾಲಿದೆಯೋ ಅದೇ ನಿಮ್ಮ ತಿರುವು. ಬಹಳ ಜನರಿಗೆ ಅದು 45 ಡಿಗ್ರಿಯ ಆಸುಪಾಸು.

ನನ್ನ ಎಡಗಾಲಿಗೆ ಸಿಕ್ಕಿದ್ದು 35. ತರಗತಿಯಲ್ಲಿ ನಾನು ಪಾದ ಇಡುತ್ತಿದ್ದದ್ದು ಸುಮಾರು 80ಕ್ಕೆ. ಉಳಿದ 45 ಡಿಗ್ರಿಯನ್ನು ಮಂಡಿ ಮತ್ತು ಹರಡು ಕದ್ದು ಕೊಡುತ್ತಿದ್ದವು. ಬಾಗಿದ ಮಂಡಿಯಲ್ಲಿ ಕೆಳಗಾಲು ಸ್ವಲ್ಪ ತಿರುಗುತ್ತೆ, ಹಾಗಾಗಿ ಕೂತಾಗ ಈ ಕಳ್ಳತನ ಗೊತ್ತಾಗಲ್ಲ. ಪಾದ ನೆಲಕ್ಕೆ ಕಚ್ಚಿರುವಾಗಲೇ ಮೇಲೆದ್ದರೆ, ಆ ತಿರುಚಿನ ಒತ್ತಡ ಮಂಡಿಯ ಒಳಬದಿಗೆ ಬೀಳುತ್ತೆ.

ಗುರುತಿಸೋದು ಹೇಗೆ? ಅರೆಮಂಡಿಯಲ್ಲಿ ಕೂತು ಕನ್ನಡಿ ನೋಡಿ. ಮಂಡಿ ಎರಡನೇ ಬೆರಳಿನ ನೇರಕ್ಕಿಲ್ಲದೆ ಹೆಬ್ಬೆರಳಿಗಿಂತ ಒಳಕ್ಕೆ ಬಿದ್ದಿದ್ದರೆ, ಅಂಗಾಲಿನ ಕಮಾನು ಚಪ್ಪಟೆಯಾಗಿದ್ದರೆ, ಬೆನ್ನು ಒಳಕ್ಕೆ ಬಳುಕಿ ಹಿಂಭಾಗ ಚಾಚಿದ್ದರೆ ನೀವು ಸೊಂಟ ಕೊಟ್ಟದ್ದಕ್ಕಿಂತ ಹೆಚ್ಚು ತೆರೆದಿದ್ದೀರಿ. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕೂತು ಏಳುವಾಗ ಮಂಡಿಚಿಪ್ಪಿನ ಹಿಂದೆ ನೋವು ಬಂದರೆ ಅದು ದಣಿವಲ್ಲ. ಫಿಸಿಯೋಥೆರಪಿಸ್ಟ್‌ಗೆ ತೋರಿಸಬೇಕು.

ನಾನು ಮಾಡಿದ್ದು ಇಷ್ಟೇ: ಪಾದಗಳನ್ನು ಮಂಡಿಯ ನೇರಕ್ಕೆ ತಂದೆ, ಸ್ವಲ್ಪ ಮೇಲೆ ಕೂತೆ, ಕಾಲನ್ನು ಹೊರಕ್ಕೆ ತಿರುಗಿಸುವ ಪೃಷ್ಠದ ಸ್ನಾಯುಗಳಿಗೆ ಬಲ ತುಂಬಿದೆ. ಬಲ ಬಂದಂತೆ, ಇರುವ ತಿರುವನ್ನು ಕೊನೆವರೆಗೂ ಹಿಡಿಯೋಕೆ ಆಗುತ್ತೆ. ಆದರೆ ಬೆಳೆದು ನಿಂತ ಮೂಳೆಯ ಆಕಾರವನ್ನು ಯಾವ ಅಭ್ಯಾಸವೂ ಬದಲಿಸಲ್ಲ. ಒಂದೇ ಸಾಲಲ್ಲಿ ನಿಂತ ಇಪ್ಪತ್ತು ಮಕ್ಕಳಿಂದ ಒಂದೇ ಕೋನ ಕೇಳೋದು ಶಿಸ್ತಲ್ಲ, ಅವರ ಮಂಡಿ ಮೇಲೆ ಹಾಕುವ ಸಾಲ.