ನಗದಾಗದ ಚೆಕ್ಕುಗಳು ಮತ್ತು ಬ್ಯಾಂಕ್ ಹೊಂದಾಣಿಕೆಯ ಅಲ್ಪ ವ್ಯತ್ಯಾಸ

ಬ್ಯಾಂಕ್ ಹೊಂದಾಣಿಕೆ ತಖ್ತೆ ಎಂದರೆ ನಗದು ಪುಸ್ತಕದ ಬ್ಯಾಂಕ್ ಶಿಲ್ಕಿಗೂ ಪಾಸ್‌ಬುಕ್ಕಿನ ಶಿಲ್ಕಿಗೂ ಇರುವ ಅಂತರವನ್ನು ವಿವರಿಸುವ ಪಟ್ಟಿ. ಚೆಕ್ಕು ಬರೆದ ದಿನವೇ ನಗದು ಪುಸ್ತಕದಲ್ಲಿ ಮೊತ್ತ ಕಳೆಯುತ್ತದೆ. ಪಾಸ್‌ಬುಕ್ಕಿನಲ್ಲಿ ಅದು ಕಳೆಯುವುದು ಚೆಕ್ಕು ಪಾವತಿಯಾದಾಗ ಮಾತ್ರ. ಆದ್ದರಿಂದ ಪಾಸ್‌ಬುಕ್ ಶಿಲ್ಕಿನಿಂದ ನಗದಾಗದ ಚೆಕ್ಕುಗಳನ್ನು ಕಳೆದರೆ ನಗದು ಪುಸ್ತಕದ ಶಿಲ್ಕು ಬರಬೇಕು. ಹಾಗೆ ಕಳೆದ ಮೇಲೂ ಕೆಲವೇ ರೂಪಾಯಿಗಳ ವ್ಯತ್ಯಾಸ ಉಳಿದರೆ ಅದನ್ನು ಅಲ್ಪವೆಂದು ಬಿಡಬಾರದು. ಪರಸ್ಪರ ವಿರುದ್ಧ ದಿಕ್ಕಿನ ಎರಡು ತಪ್ಪುಗಳು ಒಂದನ್ನೊಂದು ಮರೆಮಾಡಿರಬಹುದು.

'''ಒಂದು ಉದಾಹರಣೆ'''

ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಖಾತೆಯನ್ನು ಕಲ್ಪಿಸಿಕೊಳ್ಳೋಣ. ಮಾರ್ಚ್ 31ರಂದು ನಗದು ಪುಸ್ತಕದ ಶಿಲ್ಕು ₹18,640, ಪಾಸ್‌ಬುಕ್ಕಿನದು ₹23,308. ನಗದಾಗದ ಚೆಕ್ಕುಗಳ ಒಟ್ಟು ಮೊತ್ತ ₹4,700. ಪಾಸ್‌ಬುಕ್ ಶಿಲ್ಕಿನಿಂದ ಇದನ್ನು ಕಳೆದರೆ ₹18,608 ಬರುತ್ತದೆ, ಅಂದರೆ ₹32 ಕಡಿಮೆ.

₹32ರ ಯಾವ ನಮೂದೂ ಎಲ್ಲಿಯೂ ಸಿಗುವುದಿಲ್ಲ. ಇಂತಹ ಸಂದರ್ಭದಲ್ಲಿ ಮೊದಲು ಪಾಸ್‌ಬುಕ್ಕಿನಲ್ಲಿದ್ದು ನಗದು ಪುಸ್ತಕದಲ್ಲಿ ಇಲ್ಲದ ನಮೂದುಗಳನ್ನು ಗುರುತಿಸಬೇಕು. ಇಲ್ಲಿ ಬ್ಯಾಂಕು ಸೇವಾಶುಲ್ಕ ₹50, ಅದರ ಮೇಲೆ ಶೇ 18ರ ಜಿಎಸ್‌ಟಿ ₹9, ಒಟ್ಟು ₹59 ಕಡಿತ ಮಾಡಿದೆ. ಅದನ್ನು ನಗದು ಪುಸ್ತಕಕ್ಕೆ ಬರೆದಾಗ ಶಿಲ್ಕು ₹18,581ಕ್ಕೆ ಇಳಿಯುತ್ತದೆ. ಈಗ ನಗದು ಪುಸ್ತಕವೇ ₹27 ಕಡಿಮೆ! ವ್ಯತ್ಯಾಸ ದಿಕ್ಕು ಬದಲಿಸಿದ್ದರಿಂದ ಎರಡನೆಯ ತಪ್ಪೊಂದು ಇದೆಯೆಂದು ತಿಳಿಯುತ್ತದೆ.

27 ಎಂಬುದು 9ರಿಂದ ಭಾಗವಾಗುತ್ತದೆ. ಪಕ್ಕಪಕ್ಕದ ಅಂಕಿಗಳು ಅದಲುಬದಲಾದಾಗ ಹುಟ್ಟುವ ವ್ಯತ್ಯಾಸ ಯಾವಾಗಲೂ 9ರ ಅಪವರ್ತ್ಯವೇ. ಭಾಗಲಬ್ಧ 3 ಆದ್ದರಿಂದ ಹತ್ತರ ಮತ್ತು ಬಿಡಿ ಸ್ಥಾನದ ಅಂಕಿಗಳಿಗೆ 3ರ ಅಂತರವಿರುವ ಮೊತ್ತಗಳನ್ನಷ್ಟೇ ನೋಡಿದರೆ ಸಾಕು. ಪಾವತಿಯಾದ ಒಂದು ಚೆಕ್ಕು ಪಾಸ್‌ಬುಕ್ಕಿನಲ್ಲೂ ಕೌಂಟರ್‌ಫಾಯಿಲ್‌ನಲ್ಲೂ ₹1,325 ಇದ್ದು, ನಗದು ಪುಸ್ತಕದಲ್ಲಿ ₹1,352 ಎಂದು ನಮೂದಾಗಿದೆ. ತಿದ್ದಿದರೆ ಶಿಲ್ಕು ₹18,608 ಆಗಿ ಲೆಕ್ಕ ಕೂಡುತ್ತದೆ. 9ರಿಂದ ಭಾಗವಾಗುವುದು ಸುಳಿವೇ ಹೊರತು ಪುರಾವೆಯಲ್ಲ. ₹18ರ ಶುಲ್ಕವೂ 9ರಿಂದ ಭಾಗವಾಗುತ್ತದೆ.

'''ಪಟ್ಟಿಯೊಳಗೇ ಅಡಗುವ ತಪ್ಪು'''

ಅದೇ ಚೆಕ್ಕು ಇನ್ನೂ ನಗದಾಗದೆ ಉಳಿದಿದ್ದರೆ? ನಗದಾಗದ ಚೆಕ್ಕುಗಳ ಪಟ್ಟಿಯನ್ನು ನಗದು ಪುಸ್ತಕದಿಂದಲೇ ನಕಲು ಮಾಡಿದ್ದರೆ ಎರಡೂ ಕಡೆ ₹1,352 ಕಳೆದು, ತಪ್ಪಿದ್ದರೂ ತಖ್ತೆ ಕೂಡಿಬಿಡುತ್ತಿತ್ತು. ಚೆಕ್ಕು ನಗದಾದ ತಿಂಗಳಲ್ಲಿ ₹27 ದಿಢೀರನೆ ಕಾಣಿಸಿಕೊಂಡು, ಆ ತಿಂಗಳ ತಪ್ಪೆಂದೇ ಹುಡುಕಾಟ ನಡೆಯುತ್ತಿತ್ತು. ಆದ್ದರಿಂದ ಪಟ್ಟಿಯನ್ನು ಕೌಂಟರ್‌ಫಾಯಿಲ್‌ಗಳಿಂದ, ಚೆಕ್ಕಿನ ಸಂಖ್ಯೆ ಸಹಿತ ತಯಾರಿಸುವುದು ಕ್ರಮ. ಹಿಂದಿನ ತಿಂಗಳ ಪಟ್ಟಿಯಲ್ಲಿದ್ದ ಪ್ರತಿ ಚೆಕ್ಕೂ ಈ ತಿಂಗಳ ಪಾಸ್‌ಬುಕ್ಕಿನಲ್ಲಿ ಪಾವತಿಯಾಗಿರಬೇಕು, ಇಲ್ಲವೇ ಹೊಸ ಪಟ್ಟಿಗೆ ಬಂದಿರಬೇಕು.

2012ರ ಏಪ್ರಿಲ್ 1ರಿಂದ ಚೆಕ್ಕಿನ ಅವಧಿ ಅದರ ದಿನಾಂಕದಿಂದ ಮೂರು ತಿಂಗಳು. ಅವಧಿ ಮೀರಿದ ಚೆಕ್ಕನ್ನು ಪಟ್ಟಿಯಲ್ಲಿ ಮುಂದುವರಿಸದೆ, ನಗದು ಪುಸ್ತಕದಲ್ಲಿ ರದ್ದುಪಡಿಸಿ ಶಿಲ್ಕಿಗೆ ಮರಳಿ ಸೇರಿಸಬೇಕು. ಪಡೆಯಬೇಕಾದವರ ಬಾಕಿ ಮಾತ್ರ ತೀರಿದಂತಾಗುವುದಿಲ್ಲ. ಅದನ್ನು ಕೊಡಬೇಕಾದ ಹಣವೆಂದು ತೋರಿಸಬೇಕು.