ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬೇಗ? ರಸಾಯನಶಾಸ್ತ್ರದಲ್ಲಿ ಯಾವಾಗಲೂ ಅಲ್ಲ

ಹೇಳಿಕೆ: ರಾಸಾಯನಿಕ ಕ್ರಿಯೆಯಲ್ಲಿ ಯಾವ ಪದಾರ್ಥವನ್ನು ಹೆಚ್ಚಿಸಿದರೂ ಕ್ರಿಯೆಯ ವೇಗ ಹೆಚ್ಚುತ್ತದೆ.

ವಾಸ್ತವ: ಭಾಗಶಃ ಮಾತ್ರ ನಿಜ. ಕ್ರಿಯೆ ಯಾವ ದಾರಿಯಲ್ಲಿ ನಡೆಯುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಆದೇಶನ ಕ್ರಿಯೆಯನ್ನೇ ನೋಡೋಣ. ಕಾರ್ಬನ್‌ಗೆ ಅಂಟಿಕೊಂಡಿರುವ ಒಂದು ಗುಂಪು ಹೊರಟು, ಅದರ ಜಾಗಕ್ಕೆ ಇನ್ನೊಂದು ಬರುವುದೇ ಆದೇಶನ. ಇದಕ್ಕೆ ಎರಡು ಮುಖ್ಯ ದಾರಿಗಳಿವೆ ಎಂದು 1930ರ ದಶಕದಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಹ್ಯೂಸ್ ಮತ್ತು ಕ್ರಿಸ್ಟೋಫರ್ ಇಂಗೋಲ್ಡ್ ತೋರಿಸಿದರು.

ಮೊದಲ ದಾರಿ: ಇಬ್ಬರೂ ಒಟ್ಟಿಗೆ

ಮೀಥೈಲ್ ಬ್ರೋಮೈಡ್‌ಗೆ ಕಾಸ್ಟಿಕ್ ಸೋಡಾದ ಹೈಡ್ರಾಕ್ಸೈಡ್ ಸಿಕ್ಕರೆ ಮೆಥನಾಲ್ ಆಗುತ್ತದೆ. ಹೈಡ್ರಾಕ್ಸೈಡ್ ಒಂದು ಕಡೆಯಿಂದ ಒಳಬರುತ್ತಿರುವಾಗಲೇ ಬ್ರೋಮಿನ್ ಇನ್ನೊಂದು ಕಡೆಯಿಂದ ಹೊರಹೋಗುತ್ತದೆ. ಬಸ್ಸಿನ ಹಿಂಬಾಗಿಲಿನಿಂದ ಒಬ್ಬರು ಹತ್ತುತ್ತಿದ್ದಂತೆ ಮುಂಬಾಗಿಲಿನಿಂದ ಒಬ್ಬರು ಇಳಿದ ಹಾಗೆ. ಒಂದೇ ಹೆಜ್ಜೆಯಲ್ಲಿ ಎರಡು ಕಣಗಳು ಭಾಗಿಯಾಗುವುದರಿಂದ ಇದು ದ್ವಿ-ಅಣು ಆದೇಶನ, ಅಂದರೆ ಎಸ್‌ಎನ್2. ಇಲ್ಲಿ ಎರಡರಲ್ಲಿ ಯಾವುದನ್ನು ದುಪ್ಪಟ್ಟು ಮಾಡಿದರೂ ವೇಗ ದುಪ್ಪಟ್ಟಾಗುತ್ತದೆ. ಎರಡನ್ನೂ ದುಪ್ಪಟ್ಟು ಮಾಡಿದರೆ ನಾಲ್ಕು ಪಟ್ಟಾಗುತ್ತದೆ.

ಎರಡನೇ ದಾರಿ: ಮೊದಲು ಜಾಗ ಖಾಲಿಯಾಗಬೇಕು

ಟರ್ಷರಿ ಬ್ಯುಟೈಲ್ ಕ್ಲೋರೈಡ್‌ನಲ್ಲಿ, ಅಂದರೆ (CH3)3CCl ನಲ್ಲಿ, ನಡುವಿನ ಕಾರ್ಬನ್ನನ್ನು ಮೂರು ಮೀಥೈಲ್ ಗುಂಪುಗಳು ಸುತ್ತುವರಿದಿವೆ. ಹಿಂದಿನಿಂದ ನುಗ್ಗಲು ಜಾಗವೇ ಇಲ್ಲ. ಆದ್ದರಿಂದ ಮೊದಲು ಕ್ಲೋರಿನ್ ತಾನಾಗಿ ನಿಧಾನಕ್ಕೆ ಬಿಟ್ಟುಹೋಗುತ್ತದೆ. ಉಳಿದ ಧನ ಅಯಾನಿಗೆ ನೀರು ತಕ್ಷಣ ಅಂಟಿಕೊಂಡು ಆಲ್ಕೋಹಾಲ್ ಆಗುತ್ತದೆ. ನಿಧಾನವಾದ ಹೆಜ್ಜೆಯಲ್ಲಿ ಒಂದೇ ಅಣು ಇರುವುದರಿಂದ ಇದು ಏಕ-ಅಣು ಆದೇಶನ, ಅಂದರೆ ಎಸ್‌ಎನ್1. ಹೈಡ್ರಾಕ್ಸೈಡ್ ಹೆಚ್ಚಿದ್ದರೂ ಅದು ಕ್ಲೋರಿನ್ ಹೋಗುವುದನ್ನು ಕಾಯಲೇಬೇಕು. ಹಾಗಾಗಿ ಈ ದಾರಿಯ ವೇಗ ಬದಲಾಗುವುದಿಲ್ಲ.

ಇದನ್ನು ಪತ್ತೆ ಮಾಡುವುದು ಹೇಗೆ?

ಕಾಲೇಜು ಲ್ಯಾಬ್‌ಗಳಲ್ಲಿ ಮಾಡುವ ಒಂದು ಪ್ರಯೋಗವಿದೆ. ಅಸಿಟೋನ್ ಮತ್ತು ನೀರಿನ ಮಿಶ್ರಣಕ್ಕೆ ಟರ್ಷರಿ ಬ್ಯುಟೈಲ್ ಕ್ಲೋರೈಡ್, ಅದರ ಹತ್ತನೇ ಒಂದು ಪಾಲಿನಷ್ಟು ಕಾಸ್ಟಿಕ್ ಸೋಡಾ ಮತ್ತು ಬಣ್ಣ ತೋರಿಸಲು ಫಿನಾಲ್ಫ್ತಲೀನ್ ಹಾಕುತ್ತಾರೆ. ಕ್ರಿಯೆ ನಡೆದಂತೆ ಆಮ್ಲ ಹುಟ್ಟಿ ಸೋಡಾವನ್ನು ತಿಂದುಹಾಕುತ್ತದೆ. ಗುಲಾಬಿ ಬಣ್ಣ ಮಾಯವಾದಾಗ ಶೇ. 10ರಷ್ಟು ಕ್ರಿಯೆ ಮುಗಿದಿದೆ ಎಂದರ್ಥ.

ಈಗ ಸೋಡಾವನ್ನು ದುಪ್ಪಟ್ಟು ಮಾಡಿ ನೋಡಿದರೆ ಬಣ್ಣ ಹೋಗಲು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸಮಯ ಬೇಕಾಗುತ್ತದೆ. "ಸೋಡಾ ಕ್ರಿಯೆಯನ್ನು ನಿಧಾನ ಮಾಡಿತು" ಎಂದು ಬರೆದುಬಿಡುವುದು ಸುಲಭ, ಆದರೆ ಅದು ತಪ್ಪು. ಈ ಬಾರಿ ಬಣ್ಣ ಹೋಗಲು ಶೇ. 20ರಷ್ಟು ಕ್ರಿಯೆ ಮುಗಿಯಬೇಕು. ದುಪ್ಪಟ್ಟು ಕೆಲಸಕ್ಕೆ ಸುಮಾರು ದುಪ್ಪಟ್ಟು ಸಮಯ ಹಿಡಿದಿದೆ, ಅಷ್ಟೆ. ಕ್ಲೋರೈಡ್ ಕರಗುತ್ತಾ ಹೋಗುವುದರಿಂದ ಆ 'ಸ್ವಲ್ಪ ಹೆಚ್ಚು' ಸೇರಿಕೊಂಡಿದೆ. ವೇಗ ಮೊದಲಿನಷ್ಟೇ ಇದೆ. ಎಸ್‌ಎನ್2 ಆಗಿದ್ದರೆ ಸೋಡಾ ಹೆಚ್ಚಿದಾಗ ವೇಗವೂ ಹೆಚ್ಚಿ, ಸಮಯ ಇಷ್ಟು ಬೆಳೆಯುತ್ತಿರಲಿಲ್ಲ.

ಸಿಗುವ ವಸ್ತುವಿನಲ್ಲೂ ವ್ಯತ್ಯಾಸ

ಕೆಲವು ಅಣುಗಳಿಗೆ ನಮ್ಮ ಎಡಗೈ-ಬಲಗೈಗಳಂತೆ ಎರಡು ರೂಪಗಳಿರುತ್ತವೆ. ಎಸ್‌ಎನ್2ನಲ್ಲಿ ಹೊಸ ಗುಂಪು ಹಿಂದಿನಿಂದಲೇ ಬರುವುದರಿಂದ, ಗಾಳಿಗೆ ಛತ್ರಿ ಮಗುಚಿದ ಹಾಗೆ ಕಾರ್ಬನ್ನಿನ ಜೋಡಣೆ ತಿರುವುಮುರುವಾಗುತ್ತದೆ. 'ಬಲಗೈ' ಹಾಕಿದರೆ 'ಎಡಗೈ' ಸಿಗುತ್ತದೆ. ಎಸ್‌ಎನ್1ನಲ್ಲಿ ನಡುವೆ ಹುಟ್ಟುವ ಅಯಾನು ಚಪ್ಪಟೆ. ನೀರು ಎರಡೂ ಬದಿಯಿಂದ ಬರಬಹುದು, ಎರಡೂ ರೂಪಗಳು ಹೆಚ್ಚುಕಡಿಮೆ ಸಮವಾಗಿ ಸಿಗುತ್ತವೆ. ಹೊರಟ ಗುಂಪು ಇನ್ನೂ ಹತ್ತಿರವೇ ನಿಂತು ಒಂದು ಬದಿಯನ್ನು ಮರೆಮಾಡುವುದರಿಂದ, ಮಗುಚಿದ ರೂಪ ಅನೇಕ ಸಲ ತುಸು ಹೆಚ್ಚಿರುತ್ತದೆ.

ಔಷಧ ತಯಾರಿಕೆಯಲ್ಲಿ ಇದು ದೊಡ್ಡ ವಿಷಯ. ಉದಾಹರಣೆಗೆ, ನೋವುನಿವಾರಕ ನ್ಯಾಪ್ರಾಕ್ಸೆನ್ ಅನ್ನು ಒಂದೇ 'ಕೈ'ಯ ರೂಪದಲ್ಲಿ ಮಾರುತ್ತಾರೆ. ಇಂಥ ವಸ್ತುವಿನ ತಯಾರಿಕೆಯಲ್ಲಿ ಆ ಕಾರ್ಬನ್ನಿನ ಮೇಲೆ ಎಸ್‌ಎನ್1 ನಡೆದರೆ ಸುಮಾರು ಅರ್ಧ ಸರಕು ಬೇಡದ ರೂಪವಾಗುತ್ತದೆ.

ಹಾಗಾದರೆ ಸೋಡಾ ಎಷ್ಟು ಸುರಿದರೂ ಪರವಾಗಿಲ್ಲವೇ?

ಇಲ್ಲ. ಟರ್ಷರಿ ಬ್ಯುಟೈಲ್ ಕ್ಲೋರೈಡ್‌ಗೆ ಗಟ್ಟಿ ಕಾಸ್ಟಿಕ್ ದ್ರಾವಣ ಹಾಕಿ ಬಿಸಿ ಮಾಡಿದರೆ ಹೈಡ್ರಾಕ್ಸೈಡ್ ಕಾರ್ಬನ್ನಿನ ಬದಲು ಪಕ್ಕದ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಆಗ ಆಲ್ಕೋಹಾಲ್‌ಗೆ ಬದಲಾಗಿ ಐಸೊಬ್ಯುಟೀನ್ ಎಂಬ ಅನಿಲ ಹೆಚ್ಚಾಗಿ ಬರುತ್ತದೆ. ಅದು ಆದೇಶನವೇ ಅಲ್ಲ. ಮೇಲಿನ ಲೆಕ್ಕ ತೆಳುವಾದ ದ್ರಾವಣಕ್ಕೆ ಮಾತ್ರ ಹೊಂದುತ್ತದೆ.

ಗಮನಿಸಿ: ಮೀಥೈಲ್ ಬ್ರೋಮೈಡ್ ವಿಷಾನಿಲ, ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಇವು ಮನೆಯಲ್ಲಿ ಮಾಡುವ ಪ್ರಯೋಗಗಳಲ್ಲ.