ಜನನ ಪ್ರಮಾಣಪತ್ರದ ಭಾಷಾಂತರ: ವಿದೇಶಿ ಪ್ರಾಧಿಕಾರಗಳಿಗೆ ಸಲ್ಲಿಸುವವರಿಗೆ ಮಾಹಿತಿ

ಕನ್ನಡದಲ್ಲಿ ಮಾತ್ರ ಇರುವ ಹಳೆಯ ಜನನ ಪ್ರಮಾಣಪತ್ರವನ್ನು ವಿದೇಶಿ ಕಛೇರಿಗೆ ಸಲ್ಲಿಸಬೇಕಾದವರು, ಭಾಷಾಂತರ ಮಾಡಿಸುವ ಮೊದಲು, ದಾಖಲೆ ಇರುವ ನೋಂದಣಾಧಿಕಾರಿಗಳಿಂದ ಹೊಸ ಗಣಕೀಕೃತ ಪ್ರತಿಯನ್ನು ಕೋರುವುದು ಒಳಿತು. ಅದರಲ್ಲಿ ವಿವರಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದಲ್ಲಿ, ಇಂಗ್ಲಿಷ್ ಒಪ್ಪುವ ದೇಶಗಳಿಗೆ ಸಾಮಾನ್ಯವಾಗಿ ಭಾಷಾಂತರದ ಅವಶ್ಯಕತೆಯೇ ಇರುವುದಿಲ್ಲ.

ಹಾಗಾಗದಿದ್ದಲ್ಲಿ ಭಾಷಾಂತರವು ಪೂರ್ಣವಾಗಿರತಕ್ಕದ್ದು. ಹೆಸರು ಮತ್ತು ದಿನಾಂಕಗಳಷ್ಟೇ ಸಾಲದು. ಮೊಹರಿನ ಬರಹ, ನೋಂದಣಿ ಸಂಖ್ಯೆ, ಅಂಚಿನ ಟಿಪ್ಪಣಿ, ಸಹಿ ಮಾಡಿದವರ ಪದನಾಮ ಇವೆಲ್ಲವೂ ಬರಬೇಕು. ಖಾಲಿ ಅಂಕಣವನ್ನು ಖಾಲಿ ಎಂದೂ, ಓದಲಾಗದ ಮೊಹರನ್ನು ಅಸ್ಪಷ್ಟ ಎಂದೂ ನಮೂದಿಸಬೇಕು.

ಉದಾಹರಣೆಗೆ, 1984ರಲ್ಲಿ ಕಾಳಗಿಯಲ್ಲಿ ಜನಿಸಿದವರ ಪತ್ರದಲ್ಲಿ ಚಿತ್ತಾಪುರ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆ ಎಂದಿರುತ್ತದೆ. ಜಿಲ್ಲೆಯ ಹೆಸರು 2014ರಲ್ಲಿ ಕಲಬುರಗಿ ಎಂದಾಯಿತು. ಕಾಳಗಿಯೂ ಈಗ ಪ್ರತ್ಯೇಕ ತಾಲ್ಲೂಕು. ಭಾಷಾಂತರಕಾರರು ಮೂಲದಲ್ಲಿರುವ ಹೆಸರುಗಳನ್ನೇ ಬರೆದು, ಬದಲಾವಣೆಯನ್ನು ಕೆಳಗೆ ಭಾಷಾಂತರಕಾರರ ಟಿಪ್ಪಣಿಯಾಗಿ ಪ್ರತ್ಯೇಕವಾಗಿ ತಿಳಿಸಬೇಕು. ಪಾಸ್‌ಪೋರ್ಟಿಗೆ ಸರಿಹೊಂದಲೆಂದು ಊರನ್ನಾಗಲೀ ತಂದೆಯ ಹೆಸರನ್ನಾಗಲೀ ತಿದ್ದಿದರೆ, ಮೂಲ ಮತ್ತು ಭಾಷಾಂತರ ತಾಳೆಯಾಗದೆ ಅರ್ಜಿಯು ಸಂಶಯಕ್ಕೆ ಗುರಿಯಾಗುತ್ತದೆ. ಮೂಲದಲ್ಲಿ ಮಗುವಿನ ಹೆಸರೇ ಇಲ್ಲದಿದ್ದಲ್ಲಿ ಅಥವಾ ತಪ್ಪಿದ್ದಲ್ಲಿ, ಅದು ಭಾಷಾಂತರದಿಂದ ಸರಿಯಾಗತಕ್ಕ ವಿಷಯವಲ್ಲ. ಜನನ ಮರಣ ನೋಂದಣಿ ಅಧಿನಿಯಮ, 1969ರ 14ನೇ ಪ್ರಕರಣದಂತೆ ಹೆಸರು ಸೇರಿಸಲು, 15ನೇ ಪ್ರಕರಣದಂತೆ ತಿದ್ದುಪಡಿಗೆ, ನೋಂದಣಾಧಿಕಾರಿಗಳಿಗೆ ಮೊದಲೇ ಅರ್ಜಿ ಸಲ್ಲಿಸಬೇಕು.

ಭಾಷಾಂತರದೊಂದಿಗೆ ಇರಬೇಕಾದ ಘೋಷಣೆಯು ದೇಶದಿಂದ ದೇಶಕ್ಕೆ ಭಿನ್ನ. ಅಮೆರಿಕದ ವಲಸೆ ಇಲಾಖೆಯು, ಭಾಷಾಂತರವು ಪೂರ್ಣ ಹಾಗೂ ನಿಖರವೆಂದು ಮತ್ತು ತಾನು ಆ ಭಾಷೆಯಿಂದ ಇಂಗ್ಲಿಷಿಗೆ ಭಾಷಾಂತರಿಸಲು ಸಮರ್ಥನೆಂದು ಭಾಷಾಂತರಕಾರರೇ ದೃಢೀಕರಿಸುವುದನ್ನು ಕೇಳುತ್ತದೆ. ಬ್ರಿಟನ್ನಿಗೆ ಇಂತಹ ದೃಢೀಕರಣದೊಂದಿಗೆ ದಿನಾಂಕ, ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಬೇಕು. ಕೆನಡಾದ ವಲಸೆ ಇಲಾಖೆಯು, ಭಾಷಾಂತರಕಾರರು ಅಲ್ಲಿ ಮಾನ್ಯತೆ ಪಡೆದವರಲ್ಲದಿದ್ದರೆ, ಅವರ ಪ್ರಮಾಣಪೂರ್ವಕ ಅಫಿಡವಿಟ್ಟನ್ನು ಕೇಳುತ್ತದೆ. ಅರ್ಜಿದಾರರು ಅಥವಾ ಅವರ ಕುಟುಂಬದವರು ಮಾಡಿದ ಭಾಷಾಂತರವನ್ನು ಒಪ್ಪುವುದಿಲ್ಲ, ಅವರು ಕನ್ನಡ ಪಂಡಿತರೇ ಆಗಿದ್ದರೂ ಸರಿ.

ನೋಟರಿಯ ಮೊಹರಿನ ಬಗ್ಗೆ ಹೆಚ್ಚಿನ ಗೊಂದಲವಿದೆ. ಅಫಿಡವಿಟ್ಟಿನ ಮೇಲೆ ನೋಟರಿಯು, ಭಾಷಾಂತರಕಾರರು ತಮ್ಮ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ್ದಾರೆಂದು ಮಾತ್ರ ದೃಢೀಕರಿಸುತ್ತಾರೆ; ಭಾಷಾಂತರ ಸರಿಯೆಂದಲ್ಲ. ಆದುದರಿಂದ ಭಾಷಾಂತರಕಾರರ ಘೋಷಣೆ ಇಲ್ಲದ, ಕೇವಲ ನೋಟರಿ ಮೊಹರಿನ ಪ್ರತಿ ತಿರಸ್ಕೃತವಾಗಬಹುದು. ಅಪೊಸ್ಟಿಲ್ ಕೂಡ ಹಾಗೆಯೇ: ರಾಜ್ಯದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯವು ಮೂಲ ಪತ್ರಕ್ಕೆ ನೀಡುವ ಅದು ಸಹಿ ಮತ್ತು ಮೊಹರಿನ ನೈಜತೆಗೆ ಮಾತ್ರ ಸಾಕ್ಷಿ. ಸ್ವೀಕರಿಸುವ ದೇಶವು ಕೇಳಿದಲ್ಲಿ ಮೊದಲು ಅಪೊಸ್ಟಿಲ್ ಪಡೆದು, ನಂತರ ಅದರ ಬರಹವನ್ನೂ ಒಳಗೊಂಡಂತೆ ಭಾಷಾಂತರ ಮಾಡಿಸುವುದು ಸೂಕ್ತ. ಮೂಲದ ಪ್ರತಿ, ಭಾಷಾಂತರ ಮತ್ತು ಘೋಷಣೆಯನ್ನು ಒಟ್ಟಿಗೆ ಲಗತ್ತಿಸಿ ಸಲ್ಲಿಸತಕ್ಕದ್ದು.